ಸ್ಟೀಲ್ ಕಾಫಿ ಫಿಲ್ಟರ್, ನಾಲ್ಕು ವರ್ಷ ದಿನಾ ಬಳಸಿದ ಮೇಲೆ

ಬೆಂಗಳೂರಲ್ಲಿ ನಮ್ಮನೇಲಿ ನಾಲ್ಕು ವರ್ಷದಿಂದ ಇದೇ ಫಿಲ್ಟರು, ಮೂರ್ನಾಲ್ಕು ಜನಕ್ಕೆ ಸಾಕಾಗೋ ಸೈಜು. ತೂತು ಇನ್ನೂ ಚೆನ್ನಾಗಿದೆ, ಎಲ್ಲೂ ಸೊಟ್ಟಗಾಗಿಲ್ಲ. ಆದ್ರೆ ಮೊದಲ ವರ್ಷ ಡಿಕಾಕ್ಷನ್ ಒಂದಿನ ಇದ್ದಂಗೆ ಇನ್ನೊಂದಿನ ಇರ್ತಿರ್ಲಿಲ್ಲ, ಫಿಲ್ಟರೇ ಸರಿ ಇಲ್ಲ ಅಂದ್ಕೊಂಡಿದ್ದೆ. ತಪ್ಪು ನೀರಿನ ಬಿಸಿದು, ಪುಡಿ ಹದದ್ದು.

ಮೊದ್ಲು ನೀರು. ಬೆಂಗಳೂರು ಎತ್ತರದಲ್ಲಿರೋದ್ರಿಂದ ಇಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ. 30 ಗ್ರಾಂ ಪುಡಿಗೆ 150 ಎಂಎಲ್ ಕುದಿಯೋ ನೀರು ಹಾಕಿ ಅಡುಗೆ ಥರ್ಮಾಮೀಟರ್ ಇಟ್ಟು ನೋಡಿದೆ, ಹಾಕಿದ ತಕ್ಷಣ 85ಕ್ಕೆ ಇಳಿದಿತ್ತು, ಯಾಕಂದ್ರೆ ತಣ್ಣಗಿರೋ ಸ್ಟೀಲು, ತಣ್ಣಗಿರೋ ಪುಡಿ ಎರಡೂ ಬಿಸಿ ಎಳ್ಕೊಳ್ತವೆ. ಮೇಲಿನ ಡಬ್ಬಿಗೆ ಮೊದ್ಲೇ ಬಿಸಿನೀರು ಹಾಕಿ ಚೆಲ್ಲಿ, ಒರೆಸಿ, ಆಮೇಲೆ ಪುಡಿ ಹಾಕಿದ್ರೆ 91 ಇತ್ತು. ರುಚಿಲೂ ಗೊತ್ತಾಯ್ತು. ಪುಡಿಯಿಂದ ಹುಳಿ ಬೇಗ ಬಿಟ್ಕೊಳುತ್ತೆ, ಸಿಹಿ, ಕಹಿ ಆಮೇಲೆ, ನೀರು ತಣ್ಣಗಾದಷ್ಟೂ ಅವು ಪೂರ್ತಿ ಇಳಿಯಲ್ಲ. ಅದಕ್ಕೇ ಆರಿದ ನೀರಿನ ಡಿಕಾಕ್ಷನ್ ಹಾಲಿಗೆ ಹಾಕಿದ್ರೆ ಬಣ್ಣ ಬರುತ್ತೆ, ಆದ್ರೆ ಗಂಟ್ಲಿಗೆ ಇಳಿದ ಮೇಲೆ ಏನೂ ಉಳಿಯಲ್ಲ.

ಇನ್ನು ಪುಡಿ. ಒಂದ್ಸಲ ಹೊಸ ಅಂಗಡಿಲಿ ಬೀಸಿಸಿಕೊಂಡು ಬಂದೆ, ಮುಟ್ಟಿದ್ರೆ ಮೈದಾ ಥರ ಬೆರಳಿಗೆ ಅಂಟ್ತಿತ್ತು. ರಾತ್ರಿ ಹಾಕಿಟ್ಟು ಬೆಳಿಗ್ಗೆ ನೋಡಿದ್ರೆ ಅರ್ಧ ನೀರು ಮೇಲೇ ನಿಂತಿದೆ! ಕೆಳಗೆ ಇಳಿದಿದ್ದು ಕಡುಕಹಿ, ತಳದಲ್ಲಿ ಚರಟ ಕೆಸರಿನಂಗೆ ಕೂತಿತ್ತು. ನುಣ್ಣಗಿದ್ರೆ ನೀರು ಪುಡಿ ಜೊತೆ ಗಂಟೆಗಟ್ಟಲೆ ನೆನೆಯುತ್ತೆ, ಜೊತೆಗೆ ಚಿಕೋರಿ ಬೇರೆ ಉಬ್ಬಿ ದಾರಿ ಕಟ್ಟುತ್ತೆ, ನಮ್ದು 80:20. ಮುಂದಿನ ಸಲ ತೀರಾ ತರಿ ಮಾಡಿಸಿದೆ, ಐದೇ ನಿಮಿಷದಲ್ಲಿ ಎಲ್ಲಾ ಇಳೀತು, ನೀರ್ ನೀರು, ಹುಳಿ. ಕುದಿಯೋ ನೀರೇ ಹಾಕಿದ್ದೆ, ಆದ್ರೂ ಉಪಯೋಗ ಆಗ್ಲಿಲ್ಲ, ಯಾಕಂದ್ರೆ ನೀರು ನಿಲ್ಲೋಕೇ ಟೈಮ್ ಇಲ್ಲ.

ಈಗ ಚಿರೋಟಿ ರವೆಗಿಂತ ಒಂಚೂರು ಸಣ್ಣ ಮಾಡಿಸ್ತೀನಿ. ಎರಡು ಬೆರಳಲ್ಲಿ ಉಜ್ಜಿದ್ರೆ ಕಾಳು ಸಿಗ್ಬೇಕು, ಅಂಟಬಾರ್ದು. ಹನಿ ಹನಿಯಾಗಿ ಇಪ್ಪತ್ತು ನಿಮಿಷಕ್ಕೆ ಇಳಿದು ಮುಗಿಯುತ್ತೆ, ಉಳಿದ ನೀರನ್ನ ಪುಡಿ ಹೀರ್ಕೊಂಡು ಸುಮಾರು 85 ಎಂಎಲ್ ಗಟ್ಟಿ ಡಿಕಾಕ್ಷನ್ ಸಿಗುತ್ತೆ. ಹುಳಿ ಬಂತಾ, ಎಷ್ಟೊತ್ತಿಗೆ ಇಳೀತು ಅಂತ ಮೊದ್ಲು ನೋಡಿ. ಬೇಗ ಇಳಿದಿದ್ರೆ ಪುಡಿ ದಪ್ಪ ಆಯ್ತು, ಟೈಮ್ ಸರಿಯಾಗೇ ಇದ್ರೆ ನೀರು ಆರಿದೆ.

ಫಿಲ್ಟರಿಗೆ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕಂದ್ರೆ ಒಬ್ಬರಿಗೆ ಅಂತ 10 ಗ್ರಾಂ ಹಾಕಿದ್ರೆ ಪುಡಿ ಪದರ ತೀರಾ ತೆಳು ಆಗಿ ನೀರು ಸುಮ್ನೆ ಹರಿದು ಹೋಗುತ್ತೆ, ಒಬ್ಬರೇ ಇರೋರು ಚಿಕ್ಕ ಸೈಜೇ ತಗೊಳ್ಳಿ.