ಗೋಡೆಗೆ ಮೊದಲು ಫೋಟೋಗೆ ಬಣ್ಣ: ಜಿಂಪ್ ಬಳಸಿ ಆರು ವರ್ಷವಾದ ಮೇಲೆ

ಬದಿಯಡ್ಕದಲ್ಲಿ ನನ್ನದು ಪೈಂಟಿಂಗ್ ಮತ್ತು ಕ್ಲಾಡಿಂಗ್ ಕೆಲಸ. ಗೋಡೆಗೆ ಕೈ ಹಾಕುವ ಮೊದಲು ಕಟ್ಟಡದ ಫೋಟೋ ತೆಗೆದು, ಅದರ ಮೇಲೆ ಹೊಸ ಬಣ್ಣ, ಹೊಸ ಕಲ್ಲು ಕೂರಿಸಿ ಯಜಮಾನರಿಗೆ ತೋರಿಸುತ್ತೇನೆ. ಅದಕ್ಕೆ 2019ರಿಂದ ಬಳಸುತ್ತಿರುವುದು ಜಿಂಪ್. ದುಡ್ಡು ಕೊಡದೆ ಸಿಗುವ ತಂತ್ರಾಂಶ. 2.10ರಲ್ಲಿ ಶುರು ಮಾಡಿದೆ, 2025ರ ಮಾರ್ಚ್‌ನಲ್ಲಿ 3.0 ಬಂದ ಮೇಲೆ ಅದಕ್ಕೆ ಬದಲಾಯಿಸಿದೆ. ನನ್ನದು 8 ಜಿಬಿಯ ಸಾಮಾನ್ಯ ಲ್ಯಾಪ್‌ಟಾಪ್. ಫೋನಿನ ಫೋಟೋಗಳಿಗೆ ಅದು ಸಾಕಾಗುತ್ತದೆ.

ಮೊದಲು ಬಣ್ಣದ ಮಾತು. ನಮ್ಮ ಕಡೆ ಹಳೇ ಕಟ್ಟಡ ಅಂದ್ರೆ ಹೆಚ್ಚಾಗಿ ಗಾಢ ಹಸಿರು ಅಥವಾ ನೀಲಿ ಸಿಮೆಂಟ್ ಪೈಂಟ್, ಮೇಲಿಂದ ಮಳೆಗಾಲದ ಕಪ್ಪು ಪಾಚಿ. ಯಜಮಾನರಿಗೆ ಬೇಕಾದದ್ದು ಕ್ರೀಮ್ ಅಥವಾ ಬಿಳಿ. ಹೊಸದಾಗಿ ಕಲಿಯುವವರು ಗೋಡೆಯನ್ನು ಆರಿಸಿ, ಮೇಲೊಂದು ಕ್ರೀಮ್ ಪದರ ಇಟ್ಟು, ಅದರ ಮೋಡ್ ಅನ್ನು HSL Color ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆಗ ಬರುವುದು ಕ್ರೀಮ್ ಅಲ್ಲ, ಮಣ್ಣಿನ ಬಣ್ಣ. ಯಾಕಂದ್ರೆ ಆ ಮೋಡ್ ಬಣ್ಣವನ್ನು ಮಾತ್ರ ಬದಲಿಸುತ್ತದೆ, ಗೋಡೆ ಎಷ್ಟು ಕಪ್ಪಿತ್ತೋ ಅಷ್ಟೇ ಕಪ್ಪಾಗಿ ಉಳಿಯುತ್ತದೆ.

ನನಗೆ ಸರಿಬಂದ ದಾರಿ ಹೀಗೆ. ಗೋಡೆಯ ಭಾಗವನ್ನು Paths ಉಪಕರಣದಿಂದ ಗೆರೆ ಎಳೆದು ಆರಿಸುತ್ತೇನೆ, ಬೇರೆ ಪದರಕ್ಕೆ ಕಾಪಿ ಮಾಡುತ್ತೇನೆ. ಅದನ್ನು Desaturate ಮಾಡಿ ಬೂದು ಮಾಡುತ್ತೇನೆ. ಆಮೇಲೆ Levels ತೆರೆದು ಬಲಗಡೆಯ ಬಿಳಿ ಗುರುತನ್ನು ಎಡಕ್ಕೆ ತರುತ್ತೇನೆ. ಪೂರ್ತಿ ಕಪ್ಪು 0, ಪೂರ್ತಿ ಬಿಳಿ 255 ಅನ್ನುವ ಲೆಕ್ಕದಲ್ಲಿ ಗೋಡೆಯ ಚೊಕ್ಕ ಭಾಗ 235ರ ಹತ್ತಿರ ಬರುವ ತನಕ ತರಬೇಕು. ಈಗ ಅದು ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ, ಸನ್‌ಶೇಡಿನ ನೆರಳು ಮಾತ್ರ ಉಳಿದಿರುತ್ತದೆ. ಅದರ ಮೇಲೆ ಬೇಕಾದ ಬಣ್ಣದ ಪದರ ಇಟ್ಟು ಮೋಡ್ ಅನ್ನು Multiply ಮಾಡಿದರೆ ಬಣ್ಣ ನೆರಳಿನ ಜೊತೆ ಕೂಡಿಕೊಳ್ಳುತ್ತದೆ. Multiply ಯಾವತ್ತೂ ಕಪ್ಪು ಮಾಡುತ್ತದೆಯೇ ಹೊರತು ಬೆಳಗಿಸುವುದಿಲ್ಲ. ಆದ್ದರಿಂದಲೇ ಕೆಳಗಿನ ಗೋಡೆ ಮೊದಲು ಬಿಳಿಯಾಗಬೇಕು.

ಪಾಚಿಯ ಕಲೆಗಳನ್ನು Heal ಉಪಕರಣದಿಂದ ತೆಗೆಯುತ್ತೇನೆ, ಸನ್‌ಶೇಡಿನ ಕೆಳಗಿನ ನೆರಳನ್ನು ಮಾತ್ರ ಮುಟ್ಟುವುದಿಲ್ಲ. ನೆರಳು ಹೋದರೆ ಗೋಡೆ ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಕರೆಂಟಿನ ವಯರ್, ಮೀಟರ್ ಬೋರ್ಡ್, ನೀರಿನ ಪೈಪ್ ಇವನ್ನೂ ಅಳಿಸುವುದಿಲ್ಲ. ಕೆಲಸ ಮುಗಿದ ಮೇಲೂ ಅವು ಅಲ್ಲೇ ಇರುತ್ತವೆ ಅಲ್ವಾ? ಚಿತ್ರದಲ್ಲಿ ಅವನ್ನು ಮಾಯ ಮಾಡಿ ತೋರಿಸಿದರೆ ಯಜಮಾನರಿಗೆ ಸುಳ್ಳು ಹೇಳಿದ ಹಾಗೆ.

ಇನ್ನು ಕ್ಲಾಡಿಂಗ್. ನಾನು ಅತಿ ಹೆಚ್ಚು ಪೆಟ್ಟು ತಿಂದದ್ದು ಇದರಲ್ಲೇ. ಮೊದಲ ವರ್ಷ ಒಂದು ಮನೆಗೆ ಇಂಟರ್ನೆಟ್ಟಿನಿಂದ ಇಳಿಸಿದ ಕಲ್ಲಿನ ಚಿತ್ರವನ್ನು ಸುಮ್ನೆ ಗೋಡೆಗೆ ಹರಡಿ ತೋರಿಸಿದ್ದೆ. ಚೆನ್ನಾಗೇ ಕಂಡಿತ್ತು. ಕೆಲಸ ಮುಗಿದ ದಿನ ಮನೆಯವರು ನೋಡಿ, "ಫೋಟೋದಲ್ಲಿ ಕಲ್ಲು ದೊಡ್ಡದಿತ್ತಲ್ಲ, ಇದೆಂತ ಚೂರು ಚೂರು?" ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಬಾಗಿಲಿನ ಎತ್ತರಕ್ಕೆ ಹೋಲಿಸಿದರೆ ನನ್ನ ಚಿತ್ರದ ಒಂದೊಂದು ಕಲ್ಲೂ ಎರಡಡಿ ಉದ್ದ ಇತ್ತು. ಅಂಟಿಸಿದ ಟೈಲ್ ಒಂದಡಿಯದ್ದು. ತಪ್ಪು ನನ್ನದೇ. ಆವತ್ತಿನಿಂದ ಅಳತೆ ಇಲ್ಲದೆ ಕಲ್ಲು ಕೂರಿಸಿಲ್ಲ.

ಈಗ ಹೇಗೆ ಮಾಡುತ್ತೇನೆ ಅಂತ ಪೆರ್ಲದ ಒಂದು ಕಟ್ಟಡದ ಮೇಲೆ ಹೇಳುತ್ತೇನೆ. ರಸ್ತೆ ಬದಿ, ಕೆಳಗೆ ಮೂರು ಅಂಗಡಿ, ಮೇಲೆ ಕೋಣೆಗಳು, ಹೆಂಚಿನ ಮಾಡು. ಯಜಮಾನರು ನಿವೃತ್ತ ಮಾಸ್ಟ್ರು. ಎದುರು ಭಾಗಕ್ಕೆ ಪೂರ್ತಿ ಕೆಂಪುಕಲ್ಲಿನ ಟೈಲ್ ಹಾಕಿಸುವ ಆಸೆ ಅವರಿಗೆ.

ಫೋಟೋವನ್ನು ಎದುರಿನ ಕಟ್ಟಡದ ಮೇಲಿನ ಜಗಲಿಯಿಂದ, ಮೋಡ ಇದ್ದ ಬೆಳಗ್ಗೆ ತೆಗೆದೆ. ಹತ್ತಿರ ನಿಂತು ಫೋನಿನ 0.5 ಲೆನ್ಸಿನಲ್ಲಿ ತೆಗೆದರೆ ಅಂಚಿನ ಕಂಬಗಳು ಎಳೆದ ಹಾಗಾಗುತ್ತವೆ, ಆಮೇಲೆ ಯಾವ ಅಳತೆಯೂ ಕೂರುವುದಿಲ್ಲ. ದೂರ ನಿಂತು 2 ಪಟ್ಟು ಜೂಮ್ ಒಳ್ಳೆಯದು. ಟೇಪ್ ಹಿಡಿದು ಅಂಗಡಿಗಳ ಮಧ್ಯದ ಗೋಡೆಕಂಬವನ್ನೂ ಅಳೆದೆ. 3 ಅಡಿ ಅಗಲ, ಸನ್‌ಶೇಡಿನ ತನಕ 9 ಅಡಿ 4 ಇಂಚು ಎತ್ತರ.

ಟೈಲ್ 12 ಇಂಚು ಉದ್ದ, 7 ಇಂಚು ಎತ್ತರದ್ದು. ಸಂದು ಬಿಡದೆ ಅಂಟಿಸುವ ಲೆಕ್ಕ. ಅಗಲಕ್ಕೆ 3 ಟೈಲ್. ಎತ್ತರ 112 ಇಂಚು, ಅಂದ್ರೆ ಸರಿಯಾಗಿ 16 ಸಾಲು. ಜಿಂಪ್‌ನಲ್ಲಿ ಒಂದು ಇಂಚಿಗೆ 10 ಪಿಕ್ಸೆಲ್ ಹಿಡಿದು 360ಕ್ಕೆ 1120ರ ಹೊಸ ಚಿತ್ರ ಮಾಡಿದೆ. ಅದರಲ್ಲಿ ಒಂದೊಂದು ಟೈಲ್ 120ಕ್ಕೆ 70. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಅರ್ಧ ಟೈಲ್ ಸರಿಸಿ ಜೋಡಿಸಿದೆ. ಹೀಗೆ ನೇರ ನಿಂತ ಕಂಬ ತಯಾರಾದ ಮೇಲೆ Perspective ಉಪಕರಣದಲ್ಲಿ ಅದರ ನಾಲ್ಕು ಮೂಲೆಯನ್ನು ಫೋಟೋದ ಕಂಬದ ನಾಲ್ಕು ಮೂಲೆಗೆ ಎಳೆದು ಕೂರಿಸಬೇಕು. ಕಲ್ಲಿನ ಗಾತ್ರ ಆಗ ತಾನಾಗಿಯೇ ಸರಿ ಬರುತ್ತದೆ. ಫೋಟೋ ನೋಡಿಯೇ ಸಾಲು ಎಣಿಸಬಹುದು. ಎಣಿಸಿದಾಗ 16 ಬಂದರೆ ಸರಿ.

ಟೈಲಿನ ಚಿತ್ರ ಎಲ್ಲಿಂದ? ಅಂಗಡಿಯ ಅಂಗಳದಲ್ಲಿ 20 ಟೈಲ್ ನೆಲಕ್ಕೆ ಹಾಸಿ, ನೆರಳಿನಲ್ಲಿ ಮೇಲಿನಿಂದ ಫೋಟೋ ತೆಗೆದುಕೊಳ್ಳುತ್ತೇನೆ. ಕೆಂಪುಕಲ್ಲಿನಲ್ಲಿ ತೂತುಗಳಿವೆ. ಒಂದೇ ಟೈಲನ್ನು 48 ಸಲ ಕಾಪಿ ಮಾಡಿದರೆ ಅದೇ ತೂತು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದು ಕಣ್ಣಿಗೆ ಹೊಡೆಯುತ್ತದೆ. 20 ಇದ್ದರೆ, ಕೆಲವನ್ನು ತಲೆಕೆಳಗು ಮಾಡಿದರೆ, ಆ ತೊಂದರೆ ಇಲ್ಲ.

ದಪ್ಪವನ್ನೂ ಮರೆಯಬಾರದು. 20 ಮಿಲಿಮೀಟರ್ ಟೈಲ್, ಅದರ ಹಿಂದೆ ಸುಮಾರು 10 ಮಿಲಿಮೀಟರ್ ಅಂಟು. ಕಲ್ಲು ಗೋಡೆಯಿಂದ ಒಂದಿಂಚಿಗಿಂತ ಜಾಸ್ತಿ ಮುಂದೆ ಬರುತ್ತದೆ. ಅಂಚಿನಲ್ಲಿ ಒಂದು ತೆಳು ನೆರಳಿನ ಗೆರೆ ಎಳೆಯದಿದ್ದರೆ ವಾಲ್‌ಪೇಪರಿನ ಹಾಗೆ ಕಾಣುತ್ತದೆ. ಪೆರ್ಲದಲ್ಲಿ ಆ ಗೆರೆ ಎಳೆಯುವಾಗಲೇ ಒಂದು ಶಟರಿನ ಹಳಿಗೆ ಕಲ್ಲು ತಾಗುತ್ತದೆ ಅಂತ ಗೊತ್ತಾಯಿತು. ಅಲ್ಲಿ ಟೈಲನ್ನು ಎರಡಿಂಚು ಹಿಂದೆಯೇ ನಿಲ್ಲಿಸುವುದು ಅಂತ ಮೊದಲೇ ತೀರ್ಮಾನ ಮಾಡಿದೆವು.

ಚಿತ್ರ ನೋಡುತ್ತಾ ಮಾಸ್ಟ್ರ ಮನೆಯವರು ಒಂದು ಮಾತು ಕೇಳಿದರು. ಅವರೂ ಟೀಚರ್ ಆಗಿದ್ದವರು. "ಒಳಗಿರುವುದೇ ಕೆಂಪುಕಲ್ಲು ಅಲ್ವಾ? ಅದರ ಮೇಲೆ ಮತ್ತೆ ಕೆಂಪುಕಲ್ಲು ಅಂಟಿಸುವುದು ಎಂತಕ್ಕೆ?"

ಒಳ್ಳೆಯ ಪ್ರಶ್ನೆ. ಹಿಂಬದಿಯಲ್ಲಿ ಎರಡಡಿ ಚೌಕದಷ್ಟು ಗಾರೆ ಕೆತ್ತಿಸಿ ನೋಡಿದೆವು. ಕಲ್ಲು ಅಲ್ಲಲ್ಲಿ ಸವೆದಿತ್ತು, ಸಂದಿನಲ್ಲಿ ಮಣ್ಣು ತುಂಬಿತ್ತು. ಗಾರೆ ತೆಗೆದು ಹಾಗೇ ಬಿಟ್ಟರೆ ಪ್ರತಿ ಮಳೆಗೂ ನೀರು ಒಳಗೆ ಇಳಿಯುತ್ತದೆ. ಆ ಯೋಚನೆ ಅಲ್ಲಿಗೆ ಬಿಟ್ಟೆವು. ಆದರೆ ಟೀಚರ್ ಮಾತಿನಿಂದ ಬೇರೊಂದು ಪ್ರಯೋಜನ ಆಯಿತು. ಅವರಿಗಾಗಿ ಮೂರು ಚಿತ್ರ ಮಾಡಿದೆ. ಒಂದರಲ್ಲಿ ಎದುರು ಪೂರ್ತಿ ಕಲ್ಲು. ಇನ್ನೊಂದರಲ್ಲಿ ಕೆಳಗಿನ ಕಂಬಗಳಿಗೆ ಮಾತ್ರ ಕಲ್ಲು, ಮೇಲೆ ಕ್ರೀಮ್. ಮೂರನೆಯದರಲ್ಲಿ ಬರೀ ಬಣ್ಣ. ಪದರಗಳು ಬೇರೆ ಬೇರೆ ಇರುವುದರಿಂದ ಇದಕ್ಕೆ ಅರ್ಧ ಗಂಟೆಯೂ ಬೇಡ. ಪೂರ್ತಿ ಕಲ್ಲಿನ ಚಿತ್ರದಲ್ಲಿ ಮೇಲಿನ ಜಗಲಿ ಗವಿಯ ಹಾಗೆ ಕಪ್ಪಾಗಿತ್ತು. ಮಾಸ್ಟ್ರು ಮೂರನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿ, "ಕಂಬಗಳಿಗೆ ಮಾತ್ರ ಸಾಕು" ಅಂದರು. ಟೈಲ್ ಖರ್ಚೂ ಅಲ್ಲಿಗೆ ತುಂಬಾ ಕಮ್ಮಿಯಾಯಿತು.

ಅದೇ ಚಿತ್ರವನ್ನು ಗಲ್ಫಿನಲ್ಲಿರುವ ಅವರ ಮಗನಿಗೆ ವಾಟ್ಸಾಪ್ ಮಾಡಿದಾಗ, "ಇದು ಕ್ರೀಮ್ ಅಲ್ಲ, ಹಳದಿ" ಅಂತ ಉತ್ತರ ಬಂತು. ರಾತ್ರಿ ಹೊತ್ತು ಅವರ ಫೋನಿನಲ್ಲಿ ಕಣ್ಣಿಗೆ ತಂಪು ಮಾಡುವ ಸೆಟ್ಟಿಂಗ್ ಆನ್ ಇತ್ತು, ಅದು ಇಡೀ ಸ್ಕ್ರೀನನ್ನೇ ಹಳದಿ ಮಾಡುತ್ತದೆ. ಹಾಗಾಗಿ ಬಣ್ಣದ ನಂಬರನ್ನು ಸ್ಕ್ರೀನ್ ನೋಡಿ ಒಪ್ಪಿಸಿಕೊಳ್ಳುವುದಿಲ್ಲ. ಗಾಢ ಬೇಕಾ ತಿಳಿ ಬೇಕಾ, ಕಲ್ಲು ಎಲ್ಲಿ ತನಕ, ಕಿಟಕಿಯ ಚೌಕಟ್ಟು ಕಂದು ಬೇಕಾ ಬಿಳಿ ಬೇಕಾ, ಇಷ್ಟು ಫೋಟೋದಲ್ಲಿ ತೀರ್ಮಾನ ಆಗುತ್ತದೆ. ನಂಬರ್ ಬೇಕಾದರೆ ಗೋಡೆಗೇ ಹೋಗಬೇಕು. ಮೂರಡಿ ಚೌಕಕ್ಕೆ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿಸುತ್ತೇನೆ. ಬಿಸಿಲಿಗೆ ದೊಡ್ಡ ಗೋಡೆಯ ಮೇಲೆ ಬಣ್ಣ ಶೇಡ್ ಕಾರ್ಡಿಗಿಂತ ತಿಳಿಯಾಗಿ ಕಾಣುತ್ತದೆ. ಇದನ್ನು ಜಿಂಪ್ ಹೇಳಿಕೊಡುವುದಿಲ್ಲ.

ತೇವವನ್ನೂ ಅದು ಹೇಳುವುದಿಲ್ಲ. ಫೋಟೋದಲ್ಲಿ ಎಂಥ ಗೋಡೆಗೂ ಕಲ್ಲು ಅಂಟುತ್ತದೆ. ನಿಜದಲ್ಲಿ ಹಳೇ ಪೈಂಟಿನ ಮೇಲೆ, ಒದ್ದೆ ಗೋಡೆಯ ಮೇಲೆ ಅಂಟಿಸಿದ ಟೈಲ್ ಒಂದು ದಿನ ಕಳಚಿ ಬೀಳುತ್ತದೆ, ಕೆಳಗೆ ಜನ ಓಡಾಡುತ್ತಾರೆ. ಹಾಗಾಗಿ ಪ್ರತಿ ಫೈಲಿನಲ್ಲೂ ಒಂದು ಪದರ ಬಿರುಕು, ತೇವ, ಟೊಳ್ಳು ಗಾರೆಗೆ ಅಂತಲೇ ಇಡುತ್ತೇನೆ. ಗೋಡೆ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದಲ್ಲೆಲ್ಲ ಕೆಂಪು ಬಣ್ಣದಲ್ಲಿ ಗುರುತು. ಯಜಮಾನರಿಗೆ ಚಂದದ ಚಿತ್ರದ ಜೊತೆ ಆ ಕೆಂಪು ಗುರುತಿನ ಚಿತ್ರವನ್ನೂ ಕೊಡುತ್ತೇನೆ. ರಿಪೇರಿಯ ಖರ್ಚು ಯಾಕೆ ಅಂತ ಆಮೇಲೆ ವಿವರಿಸುವ ಅಗತ್ಯ ಬಂದಿಲ್ಲ.

ಜಿಂಪ್‌ನ ಕೊರತೆಗಳೂ ಇವೆ. Perspective ಒಮ್ಮೆ ಹಾಕಿ ಕೆಲಸ ಮುಂದುವರಿಸಿದ ಮೇಲೆ ಮೂಲೆ ಸ್ವಲ್ಪ ತಪ್ಪಿದೆ ಅಂತ ಕಂಡರೆ ಅದನ್ನೇ ಎಳೆದು ತಿದ್ದಲು ಆಗುವುದಿಲ್ಲ. ನೇರ ಚಿತ್ರದಿಂದ ಮತ್ತೆ ಶುರು ಮಾಡಬೇಕು. ಎರಡನೇ ಸಲ ಎಳೆದರೆ ಕಲ್ಲು ಮಸುಕಾಗುತ್ತದೆ. ಅದಕ್ಕೆ ನೇರ ಕಂಬದ ಒಂದು ಕಾಪಿಯನ್ನು ಅದೇ ಫೈಲಿನಲ್ಲಿ ಅಡಗಿಸಿ ಇಡುತ್ತೇನೆ. 3.0ರಲ್ಲಿ ಫಿಲ್ಟರುಗಳನ್ನು ಆಮೇಲೂ ತೆರೆದು ತಿದ್ದಬಹುದು. Levels ಬದಲಿಸಲು ಮೊದಲಿನಿಂದ ಮಾಡಬೇಕಾಗಿಲ್ಲ. ನನಗೆ ಅದೊಂದೇ ಹೊಸ ವರ್ಷನ್ನಿಗೆ ಹೋಗಲು ಸಾಕಾದ ಕಾರಣ. ಮೊದಲು ಒಂದು ಕಟ್ಟಡಕ್ಕೆ ಎರಡು ದಿನ ಹಿಡಿಯುತ್ತಿತ್ತು, ಈಗ ಮೂರು ನಾಲ್ಕು ಗಂಟೆ.

ಪೆರ್ಲದ ಕೆಲಸ ಮುಗಿದ ಮೇಲೆ ಎದುರಿನ ಅದೇ ಜಗಲಿಯಿಂದ ಮತ್ತೆ ಫೋಟೋ ತೆಗೆದು ಚಿತ್ರದ ಪಕ್ಕ ಇಟ್ಟು ನೋಡಿದೆ. ಕಲ್ಲಿನ ಗಾತ್ರ, ಸಾಲು, ಮೇಲಿನ ಕ್ರೀಮಿನ ಬೆಳಕು ಚೆನ್ನಾಗಿ ಹೊಂದಿತ್ತು. ಒಂದು ಮಳೆಗಾಲ ಕಳೆದು ಹೋದಾಗ ವ್ಯತ್ಯಾಸ ಕಂಡಿತು. ರಸ್ತೆಯ ಕೆಸರು ನೀರು ಹಾರಿ, ಕಂಬದ ಕೆಳಗಿನ ಮೂರು ಸಾಲು ಟೈಲ್ ಕಪ್ಪಾಗಿತ್ತು. ಮಾಸ್ಟ್ರು ಏನೂ ಅನ್ನಲಿಲ್ಲ, ಆದರೆ ನನ್ನ ಚಿತ್ರದಲ್ಲಿ ಅದು ಇರಲಿಲ್ಲ ಅನ್ನುವುದು ನನಗೆ ಬೇಸರ ಆಯಿತು. ಈಗ ರಸ್ತೆ ಬದಿಯ ಕಟ್ಟಡ ಆದರೆ ಕೆಳಗಿನ ಎರಡಡಿ ಕಲ್ಲನ್ನು ಕಪ್ಪು ಮಾಡಿದ ಇನ್ನೊಂದು ಪದರ ಇಡುತ್ತೇನೆ, ಹೆಸರು "ಮಳೆಗಾಲ". ಯಜಮಾನರ ಎದುರು ಅದನ್ನು ಒಮ್ಮೆ ಆನ್ ಮಾಡಿ, ಒಮ್ಮೆ ಆಫ್ ಮಾಡಿ ತೋರಿಸುತ್ತೇನೆ. ಕಳೆದ ಎರಡು ಕೆಲಸದಲ್ಲಿ ಅದನ್ನು ನೋಡಿದ ಮೇಲೆ ಮನೆಯವರೇ ಕೆಳಗಿನ ಎರಡಡಿಗೆ ಕರಿ ಗ್ರಾನೈಟ್ ಹಾಕಿ ಅಂದರು.