ಜವಳು ಹಿಡಿದ ಎರೆ ಗದ್ದೆಗೆ ಪೈಪು: 20 ಮೀಟರಿಗೊಂದೋ, 40ಕ್ಕೊಂದೋ?

ನನ್ನ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಹಳ್ಳದ ಪಕ್ಕ ಇದೆ. ಮೇಲಿನವರ ಗದ್ದೆಯಿಂದ ಬಸಿದ ನೀರು ನಮ್ಮಲ್ಲೇ ನಿಲ್ಲುತ್ತದೆ. ಬೇಸಿಗೆ ಬೆಳೆ ಕೊಯ್ದ ಮೇಲೆ ಕೆಳಗಿನ ಮೂಲೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಉಪ್ಪು ಏಳುತ್ತಿತ್ತು. ಕೊಯ್ಲಿಗೆ ಟೈರಿನ ಮಷಿನ್ ಇಳಿಸಿದರೆ ಹೂತುಕೊಳ್ಳುತ್ತಿತ್ತು, ಹೀಗಾಗಿ ಹೆಚ್ಚು ಬಾಡಿಗೆ ಕೊಟ್ಟು ಚೈನ್ ಮಷಿನ್ನೇ ತರಿಸಬೇಕಾಗಿತ್ತು. ನೆಲದೊಳಗೆ ಬಸಿ ಪೈಪು ಹಾಕಿಸಿ ನಾಲ್ಕು ಬೆಳೆ ತೆಗೆದಿದ್ದೇನೆ. ಸುತ್ತಮುತ್ತಲಿನವರು ಕೇಳುವ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಎರಡೂ ಅಂತರ ಒಂದೇ ಹೊಲದಲ್ಲಿ ಹೇಗೆ ಹಾಕಿಸಿದಿರಿ?

ಹೊಲ 180 ಮೀಟರ್ ಅಗಲ, 130 ಮೀಟರ್ ಉದ್ದ, ಸುಮಾರು ಐದೂಮುಕ್ಕಾಲು ಎಕರೆ. ಪೂರ್ವದ 60 ಮೀಟರಿನಲ್ಲಿ 20 ಮೀಟರಿಗೊಂದರಂತೆ ಮೂರು ಪೈಪು, ಉಳಿದ 120 ಮೀಟರಿನಲ್ಲಿ 40 ಮೀಟರಿಗೊಂದರಂತೆ ಮೂರು ಪೈಪು. ಎಲ್ಲವೂ 80 ಮಿ.ಮೀ. ವ್ಯಾಸದ, ಮೈತುಂಬ ತೂತಿರುವ ಸುಕ್ಕು ಪೈಪು, ಮೇಲೆ ಬಟ್ಟೆಯಂಥ ಶೋಧಕ ಸುತ್ತಿದ್ದು. ಆಳ 1.1 ಮೀಟರ್, ಹಳ್ಳದ ಕಡೆಗೆ 100 ಮೀಟರಿಗೆ 15 ಸೆಂ.ಮೀ. ಇಳಿಜಾರು. ಎರಡು ಪೈಪುಗಳ ನಟ್ಟನಡುವೆ ಒಂದೂವರೆ ಮೀಟರ್ ಆಳಕ್ಕೆ ತೂತು ಮಾಡಿದ ಪಿವಿಸಿ ಕೊಳವೆ ಇಳಿಸಿದೆ. ಅದರೊಳಗೆ ಕಡ್ಡಿ ಬಿಟ್ಟು ತೆಗೆದರೆ ನೀರು ಎಷ್ಟು ಕೆಳಗಿದೆ ಅಂತ ಗೊತ್ತಾಗುತ್ತದೆ. ಇದಿಲ್ಲದೆ ಪೈಪು ಹಾಕಿಸಿದವನಿಗೆ ಕೆಲಸ ಆಗುತ್ತಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಪೈಪಿನ ಮೇಲೇ ಅಳೆದರೂ ಪ್ರಯೋಜನವಿಲ್ಲ, ಅಲ್ಲಿ ಯಾವಾಗಲೂ ಒಳ್ಳೆಯದೇ ಕಾಣುತ್ತದೆ.

ವ್ಯತ್ಯಾಸ ಎಷ್ಟು ಕಂಡಿತು?

ಕೊಯ್ಲಿಗೆ ಮುಂಚೆ ಗದ್ದೆ ಒಣಗಿಸುವಾಗ ಎದ್ದು ಕಂಡಿತು. ನೀರು ನಿಲ್ಲಿಸಿದ ಮೇಲೆ 20 ಮೀಟರಿನ ಕಡೆ ನಡುವಿನ ಕೊಳವೆಯಲ್ಲಿ ನೀರು 60 ಸೆಂ.ಮೀ. ಕೆಳಗೆ ಇಳಿಯಲು ಆರು ದಿನ ಹಿಡಿಯಿತು. 40 ಮೀಟರಿನ ಕಡೆ ಮೂರು ವಾರವಾದರೂ ಪೂರ್ತಿ ಇಳಿಯಲಿಲ್ಲ. ಅಂತರ ಎರಡು ಪಟ್ಟಾದರೆ ಕಾಲವೂ ಎರಡು ಪಟ್ಟಾಗುತ್ತದೆ ಅಂತ ನಾನು ಎಣಿಸಿದ್ದೆ. ಹಾಗಲ್ಲ, ಮಣ್ಣು ಒಂದೇ ಆಗಿದ್ದರೆ ಕಾಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ನೀರು ಹೋಗಬೇಕಾದ ದಾರಿಯೂ ಉದ್ದ, ಆ ದಾರಿಯ ಇಳಿಜಾರೂ ಕಡಿಮೆ.

ಉಪ್ಪಿನ ಲೆಕ್ಕ ಬೇರೆ. ಕೆಳಗಿನ ಮೂಲೆಯಲ್ಲಿ ಮೊದಲು ಮಣ್ಣಿನ ಉಪ್ಪಿನ ಅಳತೆ, ಅಂದರೆ ಇ.ಸಿ., 9 ಇತ್ತು. ನಾಲ್ಕು ಬೆಳೆಯ ಮೇಲೆ 20 ಮೀಟರಿನ ಕಡೆ ಎಲ್ಲಾ ಕಡೆಗೂ 3.5ರ ಆಸುಪಾಸು ಬಂತು. 40 ಮೀಟರಿನ ಕಡೆ ಪೈಪಿನ ಹತ್ತಿರ 4, ನಡುವೆ ಇನ್ನೂ 6. ಭತ್ತ 3 ದಾಟಿದರೆ ಸೊರಗಲು ಶುರು. ಬದುವಿನ ಮೇಲೆ ನಿಂತರೆ 40ರ ಕಡೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ: ಪೈಪಿನ ಸಾಲಿನುದ್ದಕ್ಕೂ ಕಡುಹಸಿರು, ನಡುವೆ ತುದಿ ಒಣಗಿದ ಗಿಡ್ಡ ಪೈರು.

ಹಾಗಾದರೆ 20 ಮೀಟರೇ ಹಾಕಿಸಬೇಕೇ?

ಅವಸರ ಬೇಡ. ಎಕರೆಗೆ 20 ಮೀಟರಿನಲ್ಲಿ ಸುಮಾರು 200 ಮೀಟರ್ ಪೈಪು ಬೇಕು, 40ರಲ್ಲಿ 100. ಪೈಪು, ಶೋಧಕ, ತೋಡುವ ಬಾಡಿಗೆ ಎಲ್ಲಾ ಇಮ್ಮಡಿ. ಮೇಲಾಗಿ ಭತ್ತ ಜೋಳವಲ್ಲ. ಪೈರು ನಿಂತಿರುವಾಗ ನೀರು 60 ಸೆಂ.ಮೀ. ಕೆಳಗೆ ಇರಬೇಕಾಗಿಯೇ ಇಲ್ಲ. ಉಪ್ಪು ತೊಳೆಯುವುದಕ್ಕೂ ಕೊಯ್ಲಿಗೆ ನೆಲ ಗಟ್ಟಿಯಾಗುವುದಕ್ಕೂ ಮಾತ್ರ ಬಸಿಯಬೇಕು. ಉಪ್ಪು ಅಷ್ಟಾಗಿ ಇಲ್ಲ, ಭತ್ತದ ಮೇಲೆ ಭತ್ತವೇ ಹಾಕುತ್ತೀರಿ ಅಂದರೆ 40 ಮೀಟರಿನಲ್ಲೂ ಸಂಸಾರ ನಡೆಯುತ್ತದೆ. ಎರಡನೇ ಬೆಳೆಗೆ ಸೂರ್ಯಕಾಂತಿ, ಕಡಲೆ ಹಾಕುವ ಆಸೆಯಿದ್ದರೆ 40 ಸಾಲದು.

20ರ ಕಡೆ ನನಗೊಂದು ಪೆಟ್ಟೂ ಬಿತ್ತು. ಮೊದಲ ಬೆಳೆಯಲ್ಲಿ ಪೈಪಿನ ಬಾಯಿ ತೆರೆದೇ ಬಿಟ್ಟಿದ್ದೆ. ಗದ್ದೆಯಲ್ಲಿ ನೀರು ನಿಲ್ಲಲಿಲ್ಲ, ಹಾಕಿದ ಯೂರಿಯಾವೂ ಹಳ್ಳಕ್ಕೆ ಹೋಯಿತು, ಪೈರು ಹಳದಿಯಾಯಿತು. ಈಗ ಪೈಪಿನ ಬಾಯಿಗೆ ಎಲ್ಬೋ ಹಾಕಿ, ಅದರ ಮೇಲೆ ನೇರ ನಿಂತ ತುಂಡು ಕೊಳವೆ ಸಿಕ್ಕಿಸಿದ್ದೇನೆ. ಪೈರಿಗೆ ನೀರು ಬೇಕಾದಾಗ ಕೊಳವೆ ನಿಂತಿರುತ್ತದೆ, ಉಪ್ಪು ತೊಳೆಯುವಾಗ ಮತ್ತು ಕೊಯ್ಲಿಗೆ ಹದಿನೈದು ದಿನ ಮೊದಲು ಕಿತ್ತಿಡುತ್ತೇನೆ.

ನಮ್ಮ ಹೊಲಕ್ಕೆ ಎಷ್ಟು ಅಂತ ತಿಳಿಯುವುದು ಹೇಗೆ?

ಮಣ್ಣು ನೀರನ್ನು ಎಷ್ಟು ಬೇಗ ಬಿಡುತ್ತದೆ ಅಂತ ಮೊದಲು ಅಳೆಯಿರಿ. 8 ಸೆಂ.ಮೀ. ಅಗಲದ ಗುಂಡಿಯನ್ನು ಅಂತರ್ಜಲದಿಂದ ಒಂದು ಮೀಟರ್ ಕೆಳಕ್ಕೆ ಕೊರೆಯಿರಿ. ನೀರು ತಾನಾಗಿ ಏರಿ ನಿಂತ ಮೇಲೆ 40 ಸೆಂ.ಮೀ.ಯಷ್ಟು ಮೊಗೆದು ತೆಗೆದು, ಹತ್ತು ನಿಮಿಷದಲ್ಲಿ ಎಷ್ಟು ಏರಿತು ನೋಡಿ. ಐದು ಸೆಂ.ಮೀ. ಏರಿದರೆ ಮಣ್ಣು ದಿನಕ್ಕೆ ಸುಮಾರು 0.05 ಮೀಟರ್ ನೀರು ಬಿಡುವಂಥದ್ದು, ಹತ್ತು ಏರಿದರೆ ಸುಮಾರು 0.1. ಅಂತರದ ಲೆಕ್ಕಕ್ಕೆ ಹೂಗೌಟ್ ಸೂತ್ರ:

```
L² = (8·K·d·h + 4·K·h²) / q
```

L ಅಂದರೆ ಎರಡು ಪೈಪುಗಳ ನಡುವಿನ ಅಂತರ. K ಅಂದರೆ ಈಗ ಅಳೆದದ್ದು. h ಅಂದರೆ ನಡುವಿನಲ್ಲಿ ನೀರು ಪೈಪಿಗಿಂತ ಎಷ್ಟು ಮೇಲಿರಬಹುದು ಎಂಬುದು, 1.1 ಮೀಟರ್ ಆಳದ ಪೈಪಿಗೆ, ನೀರು 60 ಸೆಂ.ಮೀ. ಕೆಳಗಿರಬೇಕೆಂದರೆ 0.5. q ಅಂದರೆ ದಿನಕ್ಕೆ ತೆಗೆಯಬೇಕಾದ ನೀರು, ಇಲ್ಲಿ 1 ಮಿ.ಮೀ., ಅಂದರೆ 0.001. d ಅಂದರೆ ಪೈಪಿನ ಕೆಳಗೆ ನೀರು ಹರಿಯುವ ಪದರದ ಲೆಕ್ಕದ ದಪ್ಪ. ಗಟ್ಟಿ ಪದರ ಪೈಪಿನಿಂದ 2 ಮೀಟರ್ ಕೆಳಗಿದ್ದರೆ ಅದು 1.1ರಿಂದ 1.3ರವರೆಗೆ ಬರುತ್ತದೆ. ಲೆಕ್ಕ ಮಾಡಿ ವರ್ಗಮೂಲ ತೆಗೆದರೆ K 0.05ಕ್ಕೆ ಸುಮಾರು 16 ಮೀಟರ್, 0.1ಕ್ಕೆ ಸುಮಾರು 25 ಮೀಟರ್. ನನ್ನ ಗುಂಡಿಗಳಲ್ಲಿ ಎರಡೂ ಬಗೆ ಸಿಕ್ಕಿದ್ದರಿಂದ 20 ಇಟ್ಟೆ.

ಒಂದೇ ಗುಂಡಿ ನಂಬಬೇಡಿ. ನಾನು ನಾಲ್ಕು ತೋಡಿಸಿದೆ, ಒಂದರಲ್ಲಿ ಹಳೆಯ ಬಿರುಕು ಸಿಕ್ಕಿ ನೀರು ಧಾರಾಳವಾಗಿ ನುಗ್ಗಿತು. ಅದನ್ನು ಬಿಟ್ಟೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಯಲ್ಲಿ ಅಳೆದರೆ ಎಲ್ಲಾ ಗುಂಡಿಯೂ ಹೀಗೇ ಮೋಸ ಮಾಡುತ್ತದೆ. ಮಣ್ಣು ನೆನೆದು ಉಬ್ಬಿದ ಮೇಲೆ ಅಳೆಯಬೇಕು.

ಬದುವಿನ ಪಕ್ಕ ಬಸಿಗಾಲುವೆ ತೋಡಿದರೆ ಸಾಲದೇ ಅಣ್ಣ?

ಮೊದಲು ಅದನ್ನೇ ಮಾಡಿದ್ದೆ. ಮಳೆ ನೀರು ಹೊರಗೆ ಹೋಗಲು ಅದು ಬೇಕೇ ಬೇಕು, ಈಗಲೂ ಇದೆ. ಒಳಗಿನ ಜವಳಿಗೆ ಅದರ ಪ್ರಭಾವ ಬದುವಿನಿಂದ ಏಳೆಂಟು ಮೀಟರಿನಾಚೆ ಕಾಣಲಿಲ್ಲ. ವರ್ಷಕ್ಕೊಮ್ಮೆ ಜೊಂಡು ಕೀಳಬೇಕು, ದಂಡೆ ಕುಸಿಯುತ್ತದೆ, ನೆಲವೂ ಹೋಗುತ್ತದೆ.

ಪೈಪಿಲ್ಲದ ಮೋಲ್ ನಾಲೆ?

ಒಂದು ಎಕರೆಯಲ್ಲಿ ನೋಡಿದೆ. ಟ್ರ್ಯಾಕ್ಟರ್ ಹಿಂದೆ ಕಬ್ಬಿಣದ ಗುಂಡು ಎಳೆಸಿ, 50 ಸೆಂ.ಮೀ. ಆಳದಲ್ಲಿ ಮೂರು ಮೀಟರಿಗೊಂದರಂತೆ ಬಿಲ ಮಾಡಿಸಿದೆವು. ಪೈಪಿನ ಖರ್ಚಿಗೆ ಹೋಲಿಸಿದರೆ ಪುಡಿಗಾಸು. ಮೊದಲ ಬೆಳೆಗೆ ಚೆನ್ನಾಗಿ ಬಸಿಯಿತು. ಎರಡನೇ ನಾಟಿಗೆ ಕೇಜ್‌ವೀಲ್ ಓಡಿಸಿ ಕೆಸರು ಮಾಡಿದ ಮೇಲೆ ಅರ್ಧಕ್ಕರ್ಧ ಬಿಲ ಮುಚ್ಚಿಹೋಯಿತು. ಅಗೆದು ನೋಡಿದರೆ ಬಿಲ ಇದ್ದ ಜಾಗದಲ್ಲಿ ಬೆಣ್ಣೆಯಂಥ ಮಣ್ಣು. ಸೋಡಿಯಂ ಹೆಚ್ಚಿರುವ ನೆಲದಲ್ಲಿ ಇನ್ನೂ ಬೇಗ ಕುಸಿಯುತ್ತದೆ. ಒಣ ಬೆಳೆಯವರು ನೋಡಲಿ, ಭತ್ತದವರಿಗೆ ನಾನು ಹೇಳುವುದಿಲ್ಲ.

ಪಕ್ಕದವರು 20 ಮೀಟರಿಗೇ ಹಾಕಿಸಿದರೂ ಬಸಿಯಲಿಲ್ಲವಲ್ಲ?

ಹೋಗಿ ನೋಡಿದೆ. ಎರಡು ತಪ್ಪು. ಹಳ್ಳದಲ್ಲಿ ಜೊಂಡು ಬೆಳೆದು ನೀರು ಪೈಪಿನ ಬಾಯಿಗಿಂತ ಮೇಲೆ ನಿಂತಿತ್ತು. ಆಗ ಅಂತರ ಐದು ಮೀಟರ್ ಇಟ್ಟರೂ ಅಷ್ಟೇ. ಮೊದಲು ಹಳ್ಳ ತೆಗೆಸಬೇಕು, ಇಲ್ಲವೇ ಪೈಪಿನ ಕೊನೆಯಲ್ಲಿ ಗುಂಡಿ ಮಾಡಿ ಮೋಟರ್ ಇಡಬೇಕು. ಎರಡನೆಯದು, ಹಸಿ ಮಣ್ಣಿನಲ್ಲೇ ಜೆಸಿಬಿ ಇಳಿಸಿ ತೋಡಿ, ಅದೇ ಹಸಿ ಮುದ್ದೆಯನ್ನು ಮೇಲೆ ತುಳಿದು ಮುಚ್ಚಿದ್ದರು. ತೋಡಿದ ಸಾಲಿನ ಗೋಡೆ ಗಿಲಾವು ಮಾಡಿದಂತೆ ನುಣ್ಣಗಾಗಿತ್ತು. ಮೇಲಿನ ನೀರು ಪೈಪಿಗೆ ಇಳಿಯುವುದು ಬಹುಪಾಲು ಆ ಅಗೆದ ಸಾಲಿನಿಂದಲೇ. ನಾವು ಕಾಲುವೆ ಬಂದ್ ಆದ ಬೇಸಿಗೆಯಲ್ಲಿ, ಹೆಂಟೆ ಒಣಗಿದ ಮೇಲೆ ತೋಡಿಸಿ, ಒಣ ಹೆಂಟೆಯಿಂದಲೇ ಮುಚ್ಚಿಸಿದ್ದೆವು. ಅವರಿಗೆ ಈ ಬೇಸಿಗೆ ಹಳ್ಳ ತೆಗೆಸಿ, ಎರಡು ಸಾಲು ಮಾತ್ರ ಮತ್ತೆ ಅಗೆದು ನೋಡಲು ಹೇಳಿದ್ದೇನೆ. ನಡುವೆ ಅಳತೆಯ ಕೊಳವೆ ಹಾಕಿಸಿಕೊಂಡಿದ್ದಾರೆ.