ಫ್ಲ್ಯಾಶಿಗೆ ಬಿಳಿಚದ, ಸ್ಟೇಜ್ ಲೈಟಿಗೆ ಮಿಂಚದ ಪೌಡರ್: ಮೂರನ್ನು ಹಚ್ಚಿ ನೋಡಿದ್ದು

ಸುರತ್ಕಲ್ಲಿನ ಒಂದು ಮದರಂಗಿ ಕಾರ್ಯಕ್ರಮಕ್ಕೆ ಮದುಮಗಳ ಮೇಕಪ್ ನಾನೇ ಮಾಡಿದ್ದೆ. ಕನ್ನಡಿಯಲ್ಲಿ ಮುಖ ನುಣ್ಣಗೆ ಚೆನ್ನಾಗಿ ಕಾಣುತ್ತಿತ್ತು. ಮರುದಿನ ಫೋಟೋ ಬಂದಾಗ ನೋಡಿದರೆ, ಫ್ಲ್ಯಾಶ್ ಹೊಡೆದ ಎಲ್ಲದರಲ್ಲೂ ಕಣ್ಣಿನ ಕೆಳಗೆ ಎರಡು ಬಿಳಿ ಅರ್ಧಚಂದ್ರ. "ಅಕ್ಕಾ, ಇದ್ಯಾಕೆ ಅಕ್ಕಿಹಿಟ್ಟು ಮೆತ್ತಿದ ಹಾಗೆ ಉಂಟು?" ಎಂದು ಅವಳು ಕೇಳಿದ್ದು ಮನಸ್ಸಿನಿಂದ ಹೋಗಲೇ ಇಲ್ಲ. ಹಾಗಾಗಿ ಅಕ್ಕನ ಮಗಳ ಭರತನಾಟ್ಯ ಉಡುಪಿಯ ರಾಜಾಂಗಣದಲ್ಲಿ ನಿಗದಿಯಾದಾಗ, ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿಬಿಡೋಣ ಎಂದುಕೊಂಡೆ.

ಹೋಲಿಸಿದ್ದು ಮೂರನ್ನು: 'ಎಚ್‌ಡಿ' ಎಂದು ಬರೆದಿರುವ ಬಿಳಿ ಸಿಲಿಕಾ ಪೌಡರ್, ತಿಳಿ ಹಳದಿ ಬಣ್ಣದ ಟಾಲ್ಕ್ ಪೌಡರ್, ಮತ್ತು ನೀರಿನ ಸ್ಪಂಜಿನಲ್ಲಿ ಹಚ್ಚುವ ಪ್ಯಾನ್‌ಕೇಕ್. ಒಂದು ಸಲಕ್ಕೆ ಎರಡು, ಕೆನ್ನೆಗೊಂದರಂತೆ. ಅಡಿಯಲ್ಲಿ ಒಂದೇ ಫೌಂಡೇಶನ್.

ಫ್ಲ್ಯಾಶಿನ ಪರೀಕ್ಷೆಗೆ ಕೋಣೆ ಕತ್ತಲೆ ಮಾಡಿ, ಒಂದು ಕೈ ದೂರದಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಆಮೇಲೆ ಪಕ್ಕದ ಮನೆಯ ಹುಡುಗನ ಕ್ಯಾಮೆರಾಕ್ಕೆ ಫ್ಲ್ಯಾಶ್ ಸಿಕ್ಕಿಸಿ ಆರಡಿ ದೂರದಿಂದ ತೆಗೆಸಿದೆ. ಈ ಎರಡನೆಯದು ಮುಖ್ಯ. ಮೊಬೈಲಿನ ಬೆಳಕು ಮಂದ, ಅದರಲ್ಲಿ ಪಾಸಾದದ್ದು ಕ್ಯಾಮೆರಾ ಫ್ಲ್ಯಾಶಿನಲ್ಲಿ ಫೇಲಾಗಬಹುದು. ನನ್ನ ಸಿಲಿಕಾ ಕೆನ್ನೆಗೆ ಆದದ್ದೂ ಅದೇ. ಮೊಬೈಲಿನಲ್ಲಿ ಸ್ವಲ್ಪ ಮಸುಕು ಮಾತ್ರ, ಕ್ಯಾಮೆರಾದಲ್ಲಿ ಸುಣ್ಣ ಬಳಿದ ಹಾಗೆ.

ಕಾರಣ ಇಷ್ಟೇ. ಸಿಲಿಕಾದ ಸಣ್ಣ ಉಂಡೆಗಳಿಗೆ ತಮ್ಮದೇ ಬಣ್ಣವಿಲ್ಲ. ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತವೆ. ಕೋಣೆಯ ಬೆಳಕಿನಲ್ಲಿ ಅದೇ ಗುಣ ರಂಧ್ರ, ಗೆರೆಗಳನ್ನು ಮರೆಸುತ್ತದೆ. ಆದರೆ ಫ್ಲ್ಯಾಶ್ ಇರುವುದು ಲೆನ್ಸಿನ ಪಕ್ಕದಲ್ಲೇ. ಬೆಳಕು ಬಂದ ದಾರಿಯಲ್ಲೇ ತಿರುಗಿ ಲೆನ್ಸಿಗೆ ಹೋಗುತ್ತದೆ, ದಪ್ಪಗೆ ಕೂತ ಜಾಗವೆಲ್ಲ ಬಿಳಿ. ಸ್ಟೇಜಿನ ದೀಪ ಮೇಲಿನಿಂದ, ಬದಿಯಿಂದ ಬೀಳುವುದರಿಂದ ಅಲ್ಲಿ ಈ ಕಾಟ ಕಡಿಮೆ, ಬದಲಿಗೆ ಎಣ್ಣೆ ಮತ್ತು ಬೆವರಿನ ಮಿಂಚು ಕಾಡುತ್ತದೆ. ಮಿಂಚಿಗೆ ಹೆದರಿ ಪೌಡರ್ ಹೆಚ್ಚಿಸಿದರೆ ಫ್ಲ್ಯಾಶಿನಲ್ಲಿ ಸಿಕ್ಕಿಬೀಳುತ್ತೇವೆ. ಸುರತ್ಕಲ್ಲಿನಲ್ಲಿ ನಾನು ಮಾಡಿದ್ದು ಅದನ್ನೇ.

ಪ್ಯಾನ್‌ಕೇಕಿನ ಮೇಲೆ ನನಗೆ ತುಂಬ ನಂಬಿಕೆ ಇತ್ತು. ಚರ್ಮದ ಬಣ್ಣಕ್ಕೆ ಸರಿಯಾಗಿ ಹೊಂದಿದ್ದರಿಂದ ಫ್ಲ್ಯಾಶಿನಲ್ಲಿ ಬಿಳಿಚಲಿಲ್ಲ. ಒಂದು ಶೇಡ್ ತಿಳಿ ಬಣ್ಣದ್ದನ್ನು ಹಚ್ಚಿ ನೋಡಿದಾಗ ಮಾತ್ರ ಮುಖ ಕುತ್ತಿಗೆಯಿಂದ ಬೇರೆಯಾಗಿ ಎದ್ದು ಕಂಡಿತು. ಫ್ಯಾನ್ ನಿಲ್ಲಿಸಿ, ಫ್ಲಡ್‌ಲೈಟ್ ಹಾಕಿ ಅಕ್ಕನ ಮಗಳಿಂದ ಎರಡು ಗಂಟೆ ಅಭ್ಯಾಸ ಮಾಡಿಸಿದೆ. ಮೊದಲ ಒಂದು ಗಂಟೆ ಹನಿ ಮಿಂಚೂ ಇಲ್ಲ. ಆಮೇಲೆ ನಮ್ಮ ಕರಾವಳಿಯ ಸೆಕೆ ತನ್ನ ಕೆಲಸ ತೋರಿಸಿತು: ಹಣೆಯಿಂದ ಇಳಿದ ಬೆವರಿನ ಹನಿ ಗೆರೆ ಎಳೆಯಿತು, ನಗುವಾಗ ಮಡಿಸುವ ಜಾಗದಲ್ಲಿ ಬಿರುಕು. ಹದಿನೈದು ನಿಮಿಷದ ಸಮೂಹ ನೃತ್ಯಕ್ಕೆ ನಾನು ಈಗಲೂ ಅದನ್ನೇ ಹಚ್ಚುತ್ತೇನೆ. ಅಭಿನಯವಿರುವ ಉದ್ದದ ಕಾರ್ಯಕ್ರಮಕ್ಕೆ ಬೇಡ.

ಗೆದ್ದದ್ದು ಹಳದಿ ಟಾಲ್ಕ್, ಅದೂ ಹಚ್ಚುವ ಕ್ರಮದಿಂದ. ಫೌಂಡೇಶನ್ ಮೇಲೆ ಮೊದಲು ಸೆಟ್ಟಿಂಗ್ ಸ್ಪ್ರೇ, ಅದು ಒಣಗಿದ ಮೇಲೆ ಪಫ್‌ಗೆ ಪೌಡರ್ ತೆಗೆದುಕೊಂಡು, ಅಂಗೈಗೆ ಒತ್ತಿ ಹೆಚ್ಚಿನದನ್ನು ಉದುರಿಸಿ, ಹಣೆ, ಮೂಗು, ಗದ್ದಕ್ಕೆ ಮಾತ್ರ ಒತ್ತಿದೆ. ಉಜ್ಜಲಿಲ್ಲ. ಕಣ್ಣಿನ ಕೆಳಗೆ ಪಫ್‌ನಲ್ಲಿ ಉಳಿದದ್ದಷ್ಟೇ. ಇದರ ಬಣ್ಣ ಚರ್ಮಕ್ಕೆ ಹತ್ತಿರವಿರುವುದರಿಂದ ತುಸು ಹೆಚ್ಚಾದರೂ ಫ್ಲ್ಯಾಶಿನಲ್ಲಿ ಅಷ್ಟು ಚುಚ್ಚುವುದಿಲ್ಲ. ಮಿಂಚು ತಡೆಯುವುದರಲ್ಲಿ ಪ್ಯಾನ್‌ಕೇಕಿಗಿಂತ ಹಿಂದೆ, ಮುಕ್ಕಾಲು ಗಂಟೆಗೆ ಮೂಗು ಹೊಳೆಯತೊಡಗಿತು. ಆದರೆ ಟಿಶ್ಯೂ ಒತ್ತಿ ತೆಗೆದರೆ ಮೊದಲಿನ ಹಾಗೇ ಆಗುತ್ತದೆ, ಬಿರುಕಿಲ್ಲ.

ಕೊಳ್ಳುವಾಗ ಡಬ್ಬಿಯ ಹಿಂದೆ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಸಿಲಿಕಾ ಮೊದಲನೆಯದಾಗಿದ್ದರೆ ಫ್ಲ್ಯಾಶಿಗೆ ಬೇಡ. ಸನ್‌ಸ್ಕ್ರೀನಿನ ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಕೂಡ ಹೀಗೇ ಬಿಳಿಚಿಸುತ್ತವೆ. ಫೌಂಡೇಶನ್‌ಗಳಲ್ಲಿ ಟೈಟೇನಿಯಂ ಬಣ್ಣಕ್ಕಾಗಿಯೂ ಇರುತ್ತದೆ, ಸಿಐ 77891 ಎಂದು ಬರೆದಿರುತ್ತಾರೆ. ಅದನ್ನು ಕಂಡ ಕೂಡಲೇ ಬಿಸಾಡಬೇಕಾಗಿಲ್ಲ, ಎಸ್‌ಪಿಎಫ್ ಇರುವ ಫೌಂಡೇಶನ್ ಬಿಟ್ಟರೆ ಸಾಕು.

ರಾಜಾಂಗಣದಲ್ಲಿ ವರ್ಣ ಎಂಬ ಉದ್ದದ ನೃತ್ಯ ಮುಗಿಸಿ ಒಳಗೆ ಬಂದವಳ ಮೂಗು, ಹಣೆಗೆ ಟಿಶ್ಯೂ ಒತ್ತಿ, ಪೌಡರ್ ಮುಟ್ಟದೆ ಮತ್ತೆ ಕಳಿಸಿದೆ. ಫೋಟೋಗಳು ಬಂದವು. ಮುಖ, ಕುತ್ತಿಗೆ ಒಂದೇ ಬಣ್ಣ, ಕಣ್ಣಿನ ಕೆಳಗೆ ಏನೂ ಇಲ್ಲ. ಜುಮುಕಿಯ ಹಿಂದೆ ಕಿವಿಗಳು ಮಾತ್ರ ಬೆಳ್ಳಗೆ. ಬೆಳಿಗ್ಗೆ ಮಲ್ಪೆಗೆ ಹೋಗುವಾಗ ಹಚ್ಚಿಕೊಂಡ ಸನ್‌ಸ್ಕ್ರೀನನ್ನು ಮುಖದಿಂದ ತೊಳೆಸಿದ್ದೆ, ಕಿವಿ ಒರೆಸಿರಲಿಲ್ಲ.